540 ವಾಟ್ ಸೋಲಾರ್ ಪ್ಯಾನೆಲ್ಲಾ, 335 ವಾಟ್ ಪ್ಯಾನೆಲ್ಲಾ?

ಮನೆಯ ಹಳೆ ಸೋಲಾರ್ ಇನ್ವರ್ಟರ್ 500 ವೋಲ್ಟ್, 12 ಆಂಪಿಯರ್ ಮಿತಿಯದ್ದು ಎಂದುಕೊಳ್ಳಿ. ಅದಕ್ಕೆ ಹತ್ತು ಪ್ಯಾನೆಲ್ ಸರಣಿಯಲ್ಲಿ ಜೋಡಿಸಬೇಕು.

ಡೇಟಾಶೀಟಿನಲ್ಲಿ ಮೊದಲು ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ಕರೆಂಟ್ ಎಳೆಯದಿದ್ದಾಗ ಪ್ಯಾನೆಲ್ ತೋರಿಸುವ ವೋಲ್ಟೇಜ್ ನೋಡಿ. 540ರದ್ದು 49.5 ವೋಲ್ಟ್, ಹತ್ತಕ್ಕೆ 495. ಸರಿಹೋಯ್ತು ಅನಿಸುತ್ತೆ, ಅಲ್ವಾ? ಆದರೆ ಅದು ಪ್ಯಾನೆಲ್ಲಿನ ಸೆಲ್ 25 ಡಿಗ್ರಿ ಇದ್ದಾಗಿನ ಲೆಕ್ಕ. ಬೀದರಿನ ಚಳಿಗಾಲದ ಬೆಳಿಗ್ಗೆ 10 ಡಿಗ್ರಿಗೆ ಇಳಿದರೆ ವೋಲ್ಟೇಜ್ ಸುಮಾರು ಶೇ. 4 ಏರಿ 515ರ ಹತ್ತಿರ ಹೋಗುತ್ತದೆ. ಇನ್ವರ್ಟರ್ ಸುಟ್ಟುಹೋಗಬಹುದು. 335ರದ್ದು 46 ವೋಲ್ಟ್. ಅದೇ ಚಳಿಯಲ್ಲೂ ಹತ್ತಕ್ಕೆ ಸುಮಾರು 480.

ಗರಿಷ್ಠ ಪವರ್ ಬಿಂದುವಿನಲ್ಲಿ, ಅಂದರೆ ಪ್ಯಾನೆಲ್ ಅತಿ ಹೆಚ್ಚು ವಾಟ್ ಕೊಡುವಾಗ, 540 ಕೊಡುವುದು 41.65 ವೋಲ್ಟ್, 12.97 ಆಂಪಿಯರ್. ಇನ್ವರ್ಟರ್ ಎಳೆಯುವುದು 12 ಮಾತ್ರ, ಮಿಕ್ಕಿದ್ದು ಸುಮ್ನೆ ಹೋಗುತ್ತದೆ. 335ರದ್ದು 8.82, ತೊಂದರೆಯಿಲ್ಲ.

ಶಾರ್ಟ್ ಸರ್ಕ್ಯೂಟ್ ಕರೆಂಟ್, ಅಂದರೆ ಪ್ಯಾನೆಲ್ಲಿನ ಎರಡು ತಂತಿ ನೇರ ತಾಗಿದರೆ ಹರಿಯುವ ಕರೆಂಟ್, 13.85 ಮತ್ತು 9.3. ಇದು ಕೇಬಲ್, ಫ್ಯೂಸ್ ಆರಿಸಲು ಬೇಕು.

ವಾಟ್ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಅದು ಚದರ ಮೀಟರಿಗೆ 1000 ವಾಟ್ ಬಿಸಿಲು, 25 ಡಿಗ್ರಿ ಸೆಲ್ ಇರುವ ಪ್ರಯೋಗಾಲಯದ ಅಳತೆ. ಮಧ್ಯಾಹ್ನ ಸೆಲ್ 60 ಡಿಗ್ರಿ ಮುಟ್ಟಿದರೆ 540ರಿಂದ ಸುಮಾರು 475 ಸಿಗುತ್ತದೆ.

ಹಳೆ ಇನ್ವರ್ಟರ್ ಉಳಿಸಿಕೊಳ್ಳುವವರಿಗೆ ನನ್ನ ಆಯ್ಕೆ 335. ಚಾವಣಿ ಚಿಕ್ಕದಾಗಿದ್ದರೆ 540 ತಗೊಳ್ಳಿ, ಆದರೆ ಒಂಬತ್ತೇ ಹಾಕಿ.