ನಳದ ನೀರಿಗೆ ಅಲಾರಂ: ನೋಡ್-ರೆಡ್ ಬೇಕಾ, ಹೋಮ್ ಅಸಿಸ್ಟೆಂಟ್ ಸಾಕಾ?

ಹುಬ್ಬಳ್ಳಿಯಲ್ಲಿ ನಳಕ್ಕೆ ನೀರು ಯಾವಾಗ ಬರುತ್ತದೋ ಹೇಳೋಕಾಗಲ್ಲ. ಅದಕ್ಕೆ ಸಂಪಿನಲ್ಲಿ ಫ್ಲೋಟ್ ಸ್ವಿಚ್ ಹಾಕಿ, ನೀರು ಏರಿದರೆ ಮೊಬೈಲಿಗೆ ಮೆಸೇಜ್ ಬರೋ ಹಾಗೆ ಮಾಡಬೇಕು ಅಂದುಕೊಳ್ಳಿ. ಇಷ್ಟೇ ಕೆಲಸವಾದರೆ ಮನೆಯ ಸೆನ್ಸರ್, ಸ್ವಿಚ್‌ಗಳನ್ನು ನಡೆಸೋ ಸಾಫ್ಟ್‌ವೇರ್ ಆದ ಹೋಮ್ ಅಸಿಸ್ಟೆಂಟಿನ ಸ್ವಂತ ಆಟೊಮೇಷನ್ ಸಾಕು, ನೋಡ್ ಅನ್ನೋ ಚೌಕಗಳನ್ನು ಗೆರೆಯಿಂದ ಜೋಡಿಸಿ ಕೆಲಸ ಹೇಳೋ ನೋಡ್-ರೆಡ್ ಅಂತ ಸುಮ್ನೆ ಇನ್ನೊಂದು ಸಾಫ್ಟ್‌ವೇರ್ ಯಾಕೆ?

ನೀರು ಬೀಳುವಾಗ ಅಲೆಗೆ ಫ್ಲೋಟ್ ಕುಣಿಯುತ್ತದೆ, ಮೆಸೇಜ್ ಮೇಲೆ ಮೆಸೇಜ್ ಬರುತ್ತದೆ. ಸ್ಥಿತಿ ಎರಡು ನಿಮಿಷ ಬದಲಾಗದೆ ನಿಂತರೆ ಮಾತ್ರ ಮೆಸೇಜ್ ಕಳಿಸು ಅನ್ನೋಕೆ ಹೋಮ್ ಅಸಿಸ್ಟೆಂಟಿನ ಟ್ರಿಗರ್‌ನಲ್ಲಿ ಒಂದೇ ಸಾಲು:

```
for: "00:02:00"
```

ನೋಡ್-ರೆಡ್‌ನಲ್ಲಿ ಸ್ಥಿತಿ ಬದಲಾದಾಗ ಮಾತ್ರ ಮುಂದೆ ಬಿಡೋ `filter` ನೋಡ್, ಅದರ ನಂತರ ಎರಡು ನಿಮಿಷ ಕಾದು ಕಳಿಸೋ, ಹೊಸದು ಬಂದರೆ ಮತ್ತೆ ಮೊದಲಿನಿಂದ ಕಾಯೋ ಹಾಗೆ ಹೊಂದಿಸಿದ `trigger` ನೋಡ್ ಜೋಡಿಸಬೇಕು. `filter` ಬಿಟ್ಟರೆ, ಸೆನ್ಸರ್ ಪದೇ ಪದೇ ಅದದೇ ಸ್ಥಿತಿ ಕಳಿಸಿದಾಗ ಟೈಮರ್ ಹಿಂದಕ್ಕೆ ಹೋಗುತ್ತಲೇ ಇರುತ್ತದೆ, ಮೆಸೇಜ್ ಬರೋದೇ ಇಲ್ಲ.

ಆದರೆ ಕೆಲಸಕ್ಕೆ ಕವಲು ಜಾಸ್ತಿಯಾದಾಗ, ಅಂದರೆ ರಾತ್ರಿಯಾದರೆ ಮೆಸೇಜ್ ಬೇಡ ಬಜರ್ ಹೊಡೀಲಿ, ಮೇಲಿನ ಟ್ಯಾಂಕ್ ಖಾಲಿ ಇದ್ದರೆ ಮೋಟರೂ ಚಾಲೂ ಆಗಲಿ ಅಂದಾಗ, ನೋಡ್-ರೆಡ್ಡೇ ವಾಸಿ. ದಾರಿ ಕಣ್ಣಿಗೆ ಕಾಣುತ್ತದೆ, ಎಲ್ಲಿ ನಿಂತಿತು ಅಂತ `debug` ನೋಡ್ ಹಚ್ಚಿದರೆ ಗೊತ್ತಾಗುತ್ತದೆ.

ಕರೆಂಟ್ ಹೋದರೆ ಮಾತ್ರ ಇಬ್ಬರೂ ಒಂದೇ. ಸರ್ವರ್ ರೀಸ್ಟಾರ್ಟ್ ಆದರೆ ನಡುವೆ ಇದ್ದ ಟೈಮರ್ ಮರೆತುಹೋಗುತ್ತದೆ, ಮೋಟರ್ ಓಡುತ್ತಲೇ ಇರಬಹುದು. ಹಾಗಾಗಿ ಮೋಟರ್ ನಿಲ್ಲಿಸೋ ಸಮಯವನ್ನು ರಿಲೇಯಲ್ಲೇ ಇಡಿ. ರಿಲೇಯಲ್ಲಿ ಟಾಸ್ಮೋಟಾ ಫರ್ಮ್‌ವೇರ್ ಇದ್ದರೆ `PulseTime 1300`, ಅಂದರೆ 100 ಕಳೆದು 1200 ಸೆಕೆಂಡ್, 20 ನಿಮಿಷಕ್ಕೆ ತಾನೇ ಬಂದ್.