ಮಣ್ಣಿನ ಇಂಗಾಲ ಪರೀಕ್ಷೆಯ ಆ ಪಿಡಿಎಫ್ ನಿಮ್ಮ ಹತ್ತಿರ ಇದ್ದರೆ, ಇಂಡಿಕೇಟರ್ ಮಾಡುವ ಭಾಗ ಒಮ್ಮೆ ನೋಡಿ

ಮಂಡ್ಯ ಕಡೆ ಪ್ರಾಜೆಕ್ಟ್ ಮಾಡುವ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಿಡಿಎಫ್ ಓಡಾಡುತ್ತಿದೆ. ಮಣ್ಣಿನ ಸಾವಯವ ಇಂಗಾಲ ಅಳೆಯುವ ವಾಕ್ಲಿ-ಬ್ಲಾಕ್ ವಿಧಾನ ಅದರಲ್ಲಿದೆ. ಯಾರೋ ಲ್ಯಾಬ್ ಮ್ಯಾನುಯಲ್‌ನ ಪುಟದ ಫೋಟೋ ತೆಗೆದು, ಅದನ್ನು ನೋಡಿಕೊಂಡು ಒಂದು, ಎರಡು, ಮೂರು ಎಂದು ಹಂತ ಹಾಕಿ ಟೈಪ್ ಮಾಡಿದ್ದಾರೆ. ನೋಡಲು ಚೊಕ್ಕಟವಾಗಿದೆ. ಅದನ್ನು ನಂಬಿ ನಮ್ಮ ಲ್ಯಾಬ್‌ನಲ್ಲಿ ಒಬ್ಬ ಹುಡುಗಿ ಕೈ ಸುಟ್ಟುಕೊಂಡಳು. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಸಹಾಯಕ. ನಾಲೆ ನೀರಿನ ಕಬ್ಬಿನ ಗದ್ದೆಗಳ ಮಣ್ಣು ತಂದು ಮೂರು ಜನ ಕೆಲಸ ಮಾಡುತ್ತಿದ್ದರು. ಡೈಫಿನೈಲಮೀನ್ ಇಂಡಿಕೇಟರ್ ಮುಗಿದಿತ್ತು, ಹೊಸದು ಮಾಡಬೇಕಿತ್ತು. ಹಾಳೆಯಲ್ಲಿ ಇದ್ದದ್ದು ಇಷ್ಟು:

1. ಬೀಕರ್‌ನಲ್ಲಿ 100 ಮಿಲಿ ಸಾಂದ್ರ ಸಲ್ಫ್ಯೂರಿಕ್ ಆಸಿಡ್ ತೆಗೆದುಕೊಳ್ಳಿ.
2. 20 ಮಿಲಿ ನೀರು ಸೇರಿಸಿ.
3. 0.5 ಗ್ರಾಂ ಡೈಫಿನೈಲಮೀನ್ ಹಾಕಿ ಕಲಕಿ.

ಆ ಹುಡುಗಿ ಎರಡನೇ ಸಾಲು ಹೇಳಿದ ಹಾಗೇ ಮಾಡಿದಳು. ಸಿಲಿಂಡರ್‌ನಿಂದ ನೀರು ಬಿದ್ದದ್ದೇ ತಡ, ಚಟಚಟ ಅಂತ ಸಿಡಿಯಿತು. ಮಣಿಕಟ್ಟಿನ ಮೇಲೆ ಹನಿಗಳು, ಕೋಟಿನ ತೋಳಿನಲ್ಲಿ ತೂತು. ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳಿಯಿತು. ತಕ್ಷಣ ಕೋಟು ಬಿಚ್ಚಿಸಿ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿದೆವು. ಹಿಂದೆ ನಿಂತಿದ್ದವನು ಅಡಿಗೆ ಸೋಡಾ ಹಚ್ಚಲು ಓಡಿ ಬಂದ. ಬೇಡ ಅಂದೆ. ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯುವುದೇ ಸರಿ. ಸೋಡಾ ಮೇಜಿನ ಮೇಲೆ ಚೆಲ್ಲಿದ ಆಸಿಡ್‌ಗೆ, ಚರ್ಮಕ್ಕಲ್ಲ. ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

"ಸರ್, ಹಾಳೆಯಲ್ಲಿ ಹೀಗೇ ಇದೆಯಲ್ಲಾ" ಎಂದಳು. ಅವಳ ಮಾತು ನಿಜ. ಹಾಳೆಯಲ್ಲಿ ಹಾಗೇ ಇತ್ತು.

ಮೂಲ ಮ್ಯಾನುಯಲ್ ತೆಗೆದು ನೋಡಿದೆ. ಅಲ್ಲಿ ಇರುವುದು ಒಂದೇ ವಾಕ್ಯ. 100 ಮಿಲಿ ಸಾಂದ್ರ ಆಸಿಡ್ ಮತ್ತು 20 ಮಿಲಿ ನೀರಿನ ಮಿಶ್ರಣದಲ್ಲಿ 0.5 ಗ್ರಾಂ ಡೈಫಿನೈಲಮೀನ್ ಕರಗಿಸಬೇಕು ಅಂತ. ಮಿಶ್ರಣ ಹೇಗೆ ಮಾಡಬೇಕು ಎಂದು ಅದು ಹೇಳುವುದಿಲ್ಲ. ಬರೆದವರು ಕೆಲಸ ಗೊತ್ತಿದ್ದವರಿಗೆ ಬರೆದಿದ್ದಾರೆ. ಟೈಪ್ ಮಾಡಿದವರು ವಾಕ್ಯದಲ್ಲಿ ಹೆಸರು ಬಂದ ಕ್ರಮವನ್ನೇ ಕೆಲಸದ ಕ್ರಮ ಮಾಡಿಬಿಟ್ಟರು. ಪ್ಯಾರಾದಲ್ಲಿದ್ದಾಗ ಓದುವವನು ಒಂದು ಕ್ಷಣ ನಿಂತು ಯೋಚಿಸುತ್ತಾನೆ. ನಂಬರ್ ಬಿದ್ದ ಮೇಲೆ ಯಾರೂ ಯೋಚಿಸಲ್ಲ, ಸುಮ್ನೆ ಮಾಡ್ತಾ ಹೋಗ್ತಾರೆ.

ಆಸಿಡ್ ನೀರಿಗಿಂತ ಸುಮಾರು 1.84 ಪಟ್ಟು ಭಾರ. ಅದರ ಮೇಲೆ ನೀರು ಹಾಕಿದರೆ ನೀರು ಮೇಲೇ ನಿಲ್ಲುತ್ತದೆ. ಎರಡೂ ಸೇರುವ ಜಾಗದಲ್ಲಿ ಹುಟ್ಟುವ ಬಿಸಿಗೆ ಆ ತೆಳು ಪದರ ಅಲ್ಲೇ ಕುದಿದು, ಆಸಿಡ್ ಹನಿಗಳನ್ನೂ ಎತ್ತಿ ಎಸೆಯುತ್ತದೆ. ಆಸಿಡ್ಡನ್ನೇ ನೀರಿಗೆ ಹಾಕಿದರೆ ಅದು ಕೆಳಗೆ ಇಳಿಯುತ್ತಾ ಬೆರೆಯುತ್ತದೆ, ಬಿಸಿ ಹಂಚಿಹೋಗುತ್ತದೆ. ಆದರೆ ಇಲ್ಲಿ ನೀರು ಬರೀ 20 ಮಿಲಿ, ಆಸಿಡ್ ಅದರ ಐದು ಪಟ್ಟು. ಸರಿಯಾದ ಕ್ರಮದಲ್ಲಿ ಮಾಡಿದರೂ ಆತುರ ಮಾಡಿದರೆ ಇದೂ ಕುದಿಯುತ್ತದೆ. ನಾವು ಈಗ ಗೋಡೆಗೆ ಅಂಟಿಸಿರುವುದು ಹೀಗೆ:

1. ಕನ್ನಡಕ, ಕೈಗವಸು, ಹತ್ತಿ ಕೋಟು ಹಾಕಿಕೊಂಡು ಫ್ಯೂಮ್ ಹುಡ್‌ನಲ್ಲಿ ನಿಲ್ಲಿ. 250 ಮಿಲಿ ಬೋರೋಸಿಲಿಕೇಟ್ ಬೀಕರನ್ನು ಐಸ್ ನೀರಿನ ಟ್ರೇಯಲ್ಲಿ ಇಡಿ.
2. ಬೀಕರ್‌ಗೆ ಮೊದಲು 20 ಮಿಲಿ ಡಿಸ್ಟಿಲ್ಡ್ ವಾಟರ್ ಹಾಕಿ.
3. 100 ಮಿಲಿ ಆಸಿಡ್ಡನ್ನು ಬೀಕರ್‌ನ ಒಳಗೋಡೆಯ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸಿ, ಗಾಜಿನ ಕಡ್ಡಿಯಿಂದ ಕಲಕುತ್ತಿರಿ. ಬೀಕರ್ ಬಿಸಿಯಾದರೆ ನಿಲ್ಲಿಸಿ, ಆರಲು ಬಿಡಿ.
4. ಪೂರ್ತಿ ಆರಿದ ಮೇಲೆ 0.5 ಗ್ರಾಂ ಡೈಫಿನೈಲಮೀನ್ ಹಾಕಿ ಕರಗಿಸಿ, ಕಂದು ಬಾಟಲಿಗೆ ತುಂಬಿ ಹೆಸರು, ತಾರೀಕು ಬರೆಯಿರಿ.

ಸುರಕ್ಷತೆಯ ಮಾತು ಯಾವ ಕೆಲಸಕ್ಕೆ ಬೇಕೋ ಆ ಸಾಲಿನಲ್ಲೇ ಇದೆ. ಆ ಪಿಡಿಎಫ್‌ನಲ್ಲಿ ಕೊನೆಯಲ್ಲಿ "ಜಾಗ್ರತೆ ವಹಿಸಿ" ಅಂತ ಒಂದು ಸಾಲು ಇತ್ತು. ಅಷ್ಟು ಹೊತ್ತಿಗೆ ಎಲ್ಲಾ ಮುಗಿದಿರುತ್ತೆ ಅಲ್ವಾ? ಸಾಮಗ್ರಿ ಪಟ್ಟಿಯಲ್ಲೂ ಕೆಮಿಕಲ್‌ಗಳು ಮಾತ್ರ ಇದ್ದವು. ಐಸ್ ಟ್ರೇ, ಕೈಗವಸು, ಪಿಪೆಟ್ ಬಲ್ಬ್, ತ್ಯಾಜ್ಯದ ಬಾಟಲಿ ಯಾವುದೂ ಇಲ್ಲ. ಮ್ಯಾನುಯಲ್‌ನ ಪಟ್ಟಿಯನ್ನೇ ಇಳಿಸಿಕೊಂಡರೆ ಹೀಗೇ ಆಗುತ್ತದೆ. ಪ್ರತಿ ಹಂತ ಓದುತ್ತಾ "ಇದಕ್ಕೆ ಕೈಯಲ್ಲಿ ಏನಿರಬೇಕು?" ಎಂದು ಕೇಳಿಕೊಂಡರೆ ಮಾತ್ರ ಪಟ್ಟಿ ಪೂರ್ತಿಯಾಗುತ್ತದೆ.

ಇನ್ನೊಂದು ಎಚ್ಚರಿಕೆ. "ನೀರಿಗೆ ಆಸಿಡ್" ಎಂಬ ನಿಯಮ ನೆನಪಾಗಿ ಯಾರಾದರೂ ಮುಖ್ಯ ಪ್ರಯೋಗದ ಹಂತಗಳನ್ನೂ ತಿರುಗಿಸಿಬಿಟ್ಟರೆ ಅದೂ ಕೆಡುತ್ತದೆ. ಅಲ್ಲಿ 1 ಗ್ರಾಂ ಮಣ್ಣಿಗೆ 1 ನಾರ್ಮಲ್ ಡೈಕ್ರೋಮೇಟ್ 10 ಮಿಲಿ, ಅದರ ಮೇಲೆ ಸಾಂದ್ರ ಆಸಿಡ್ 20 ಮಿಲಿ ಹಾಕುತ್ತೇವೆ. ಆ ಬಿಸಿಯಲ್ಲೇ ಡೈಕ್ರೋಮೇಟ್ ಇಂಗಾಲವನ್ನು ಉರಿಸುವುದು, ಹಾಗಾಗಿ ಇಲ್ಲಿ ಐಸ್‌ನಲ್ಲಿ ಇಡುವ ಹಾಗಿಲ್ಲ. 30 ನಿಮಿಷ ಬಿಟ್ಟು, ಫ್ಲಾಸ್ಕ್ ಆರಿದ ಮೇಲೆ 200 ಮಿಲಿ ನೀರು ಹಾಕುವುದೂ ಸರಿಯೇ. ಆ 30 ನಿಮಿಷ ಕಾಯದೆ ಹಾಕಿದರೆ ಸಿಡಿಯುತ್ತದೆ. ಪಿಡಿಎಫ್‌ನಲ್ಲಿ ಆ ಕಾಯುವಿಕೆ "ಸ್ವಲ್ಪ ಹೊತ್ತು" ಆಗಿದೆ.

ಫೋಟೋದಿಂದಲೇ ಆದ ಎಡವಟ್ಟುಗಳೂ ಇವೆ. ದಪ್ಪ ಪುಸ್ತಕ, ಮಧ್ಯದ ಮಡಿಕೆಯ ಹತ್ತಿರ ಸಾಲುಗಳು ಬಾಗಿವೆ, ಅಲ್ಲೇ ನೆರಳು. ಫೆರಸ್ ಅಮೋನಿಯಂ ಸಲ್ಫೇಟ್ 0.5 ನಾರ್ಮಲ್ ಇರಬೇಕಾದದ್ದು ಚುಕ್ಕೆ ಕಾಣದೆ 5 ನಾರ್ಮಲ್ ಆಗಿದೆ. ಇದನ್ನು ಹಿಡಿಯಲು ಪುಸ್ತಕವೂ ಬೇಡ. 0.5 ನಾರ್ಮಲ್‌ಗೆ ಲೀಟರಿಗೆ 196 ಗ್ರಾಂ ಬೇಕು. 5 ನಾರ್ಮಲ್ ಅಂದರೆ ಹತ್ತಿರ ಹತ್ತಿರ 2 ಕೆಜಿ, ಅಷ್ಟು ಒಂದು ಲೀಟರಿನಲ್ಲಿ ಕರಗುವುದೇ ಇಲ್ಲ. ಮಣ್ಣಿಲ್ಲದ ಬ್ಲಾಂಕ್ ಕೂಡ ಸಾಕ್ಷಿ ಹೇಳುತ್ತದೆ. 10 ಮಿಲಿ ಡೈಕ್ರೋಮೇಟ್‌ಗೆ 0.5 ನಾರ್ಮಲ್ ದ್ರಾವಣ ಸುಮಾರು 20 ಮಿಲಿ ಹಿಡಿಯಬೇಕು. ಅದಕ್ಕಿಂತ ತೀರಾ ಬೇರೆ ಬಂದರೆ ಯಾವುದೋ ಸಂಖ್ಯೆ ತಪ್ಪಿದೆ.

ಬ್ಲಾಂಕ್ ಬಗ್ಗೆಯೂ ಹೇಳಿಬಿಡುತ್ತೇನೆ. ಮ್ಯಾನುಯಲ್ "ಜೊತೆಯಲ್ಲೇ ಒಂದು ಬ್ಲಾಂಕ್ ನಡೆಸಿ" ಎಂದು ಕೊನೆಯ ವಾಕ್ಯದಲ್ಲಿ ಹೇಳುತ್ತದೆ. ಪಿಡಿಎಫ್‌ನಲ್ಲಿ ಅದು ಕೊನೆಯ ಹಂತವಾಗಿದೆ. ಅಂದರೆ ಟೈಟ್ರೇಶನ್ ಎಲ್ಲಾ ಮುಗಿದ ಮೇಲೆ ಬ್ಲಾಂಕ್! ಅದು ಮೊದಲ ಹಂತಕ್ಕೇ ಬರಬೇಕು: ಫ್ಲಾಸ್ಕ್‌ಗಳನ್ನು ಜೋಡಿಸುವಾಗಲೇ ಮಣ್ಣು ಹಾಕದ ಒಂದನ್ನು ಸೇರಿಸಿ. ಪುಟದ ಕೆಳಗಿನ ಅಡಿಟಿಪ್ಪಣಿ ಫೋಟೋದಲ್ಲಿ ಬಂದೇ ಇಲ್ಲ. ಆಸಿಡ್ ಹಾಕಿ ಇಟ್ಟಾಗ ಕಿತ್ತಳೆ ಬಣ್ಣ ಹೋಗಿ ಹಸಿರಾದರೆ ಡೈಕ್ರೋಮೇಟ್ ಸಾಲಲಿಲ್ಲ ಎಂದರ್ಥ, ಮಣ್ಣು ಕಡಿಮೆ ತೂಗಿ ಮತ್ತೆ ಮಾಡಬೇಕು ಎಂಬುದು ಅದರಲ್ಲಿತ್ತು. ಗೊಬ್ಬರ ಜಾಸ್ತಿ ಹಾಕಿದ ಗದ್ದೆಯ ಮಣ್ಣಿಗೆ ಇದು ತುಂಬಾ ಸಲ ಬೇಕಾಗುತ್ತದೆ.

ಡೈಕ್ರೋಮೇಟ್ ಕ್ಯಾನ್ಸರ್ ತರುವ ವಸ್ತು. ಪಿಪೆಟ್ಟನ್ನು ಬಾಯಿಯಿಂದ ಎಳೆಯುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ, ಇದಕ್ಕಂತೂ ಬಲ್ಬ್ ಬೇಕೇ ಬೇಕು. ಉಳಿದ ಕಿತ್ತಳೆ ದ್ರಾವಣ ಸಿಂಕಿಗಲ್ಲ, "ಕ್ರೋಮಿಯಂ ತ್ಯಾಜ್ಯ" ಎಂದು ಬರೆದ ಬಾಟಲಿಗೆ. ಆ ಬಾಟಲಿಯ ಹೆಸರನ್ನೂ ಸಾಮಗ್ರಿ ಪಟ್ಟಿಗೆ ಸೇರಿಸಿಕೊಳ್ಳಿ.