ಊರ ಕನ್ನಡದಲ್ಲೇ ಉತ್ತರ ಬೇಕೆಂದರೆ ಹೇಗೆ ಕೇಳಬೇಕು? ಪುಣೆಯಲ್ಲಿ ನೋಡಿದ ನಾಲ್ಕು ದಾರಿ

ನಮ್ಮ ಪಿಂಪ್ರಿ-ಚಿಂಚವಡ ಭಾಗದಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದು ನೆಲೆಸಿದ ಮನೆಗಳು ಬಹಳ ಇವೆ. ಈ ಮನೆಗಳ ಮಕ್ಕಳಲ್ಲಿ ಕೆಲವರು ಭಾನುವಾರದ ತರಗತಿಯಲ್ಲಿ ಪಠ್ಯಪುಸ್ತಕದ ಕನ್ನಡ ಕಲಿಯುತ್ತಾರೆ. ಪುಸ್ತಕ ಸರಾಗವಾಗಿ ಓದುತ್ತಾರೆ. ಆದರೆ ಊರಿನಿಂದ ಆಯಿ, ಅಂದರೆ ಅಜ್ಜಿ, ಫೋನ್ ಮಾಡಿದರೆ ಅರ್ಧ ಮಾತು ಅವರಿಗೆ ತಿಳಿಯುವುದಿಲ್ಲ. ಅವರಿಗಾಗಿ ನಾವು ಕೆಲವರು ಸೇರಿ ಊರಿನ ಕನ್ನಡದ ಮಾತುಗಳನ್ನೇ ಸಂಗ್ರಹಿಸಲು ಹೊರಟೆವು. ಮೊದಲಿಗೆ ಆರಿಸಿಕೊಂಡ ವಿಷಯ ಜೋಳದ ರಾಶಿ, ಅಂದರೆ ಬೆಳೆ ಕಿತ್ತಲ್ಲಿಂದ ಕಾಳು ಚೀಲಕ್ಕೆ ತುಂಬುವವರೆಗಿನ ಕೆಲಸ. ಕೇಳುವ ರೀತಿ ಬದಲಾದಂತೆ ಉತ್ತರದ ಭಾಷೆ ಎಷ್ಟು ಬದಲಾಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟಿತು.

ನನ್ನ ಊರು ತುಮಕೂರಿನ ಕಡೆ. ನನ್ನ ಕನ್ನಡ ಬೇರೆ, ಭೀಮಾ ತೀರದ ಕನ್ನಡ ಬೇರೆ. ಕೆಳಗೆ ಹೇಳುವುದರಲ್ಲಿ ಇದೂ ಲೆಕ್ಕಕ್ಕೆ ಬರುತ್ತದೆ. ಎಲ್ಲ ದಾರಿಗಳನ್ನೂ ಒಬ್ಬರ ಮೇಲೆಯೇ ನೋಡಿದ ಉದಾಹರಣೆಯನ್ನು ಕೊಡುತ್ತೇನೆ. ಅವರು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಒಬ್ಬ ಹಿರಿಯರು. ಏಳನೆಯ ತರಗತಿಯವರೆಗೆ ಓದಿದ್ದಾರೆ, ಮದುವೆಯಾದ ಮೇಲೆ ಪುಣೆಗೆ ಬಂದವರು. ಅಕ್ಕಪಕ್ಕದವರೆಲ್ಲ ಅವರನ್ನು ಯಕ್ಕಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ.

ಮೊದಲನೆಯದು ಬರವಣಿಗೆ. ಜೋಳದ ರಾಶಿ ಹೇಗೆ ಮಾಡುತ್ತಿದ್ದಿರಿ ಎಂದು ವಾಟ್ಸಾಪಿನಲ್ಲಿ ಕೇಳಿ, "ದಯವಿಟ್ಟು ನಿಮ್ಮ ಊರಿನ ಆಡುಭಾಷೆಯಲ್ಲೇ ಬರೆಯಿರಿ" ಎಂದು ಸೇರಿಸಿದೆ. ಬಂದ ಉತ್ತರ ಇದು: "ಜೋಳವನ್ನು ಕೊಯ್ದು ಕಣದಲ್ಲಿ ಹಾಕಿ ಎತ್ತುಗಳಿಂದ ತುಳಿಸಿ ರಾಶಿ ಮಾಡುತ್ತಿದ್ದೆವು ರೀ. ಭಾಳ ಕೆಲಸ ಐತಿ ರೀ."

ರೀ ಬಂತು, ಭಾಳ ಬಂತು, ಐತಿ ಬಂತು. ಉಳಿದದ್ದೆಲ್ಲ ಪಠ್ಯಪುಸ್ತಕ. ಇದಕ್ಕಿಂತ ಮುಖ್ಯವಾದದ್ದೆಂದರೆ, ಆ ಐತಿ ಯಕ್ಕನದಲ್ಲ. ಕಲಬುರಗಿ, ಬೀದರ ಕಡೆ ಹೆಚ್ಚಾಗಿ ಕೇಳುವುದು ಅದ ಎಂಬ ರೂಪ. ಯಕ್ಕ ಮನೆಯಲ್ಲಿ "ಚಾ ಅದ, ಕುಡಿ" ಎಂದೇ ಹೇಳುತ್ತಾರೆ. ಆಡುಭಾಷೆಯಲ್ಲಿ ಬರೆಯಿರಿ ಎಂದು ಕೇಳಿದ ಕೂಡಲೇ, ಉತ್ತರ ಕರ್ನಾಟಕದ ಮಾತೆಂದರೆ ಹೀಗೆ ಎಂದು ಸಿನಿಮಾ, ನಾಟಕಗಳು ಊರೂರಿಗೂ ತಲುಪಿಸಿರುವ ಮಾದರಿಯನ್ನು ಅವರು ಎತ್ತಿಕೊಂಡರು. ಬೇಡಿಕೆಗೆ ಸ್ಪಂದಿಸುವ ಪ್ರೀತಿ ಅದರಲ್ಲಿದೆ, ಆದರೆ ಅದು ಅವರ ಊರಿನ ಕನ್ನಡವಲ್ಲ. ಬೇರೆಯವರಿಗೂ ಎದ್ದು ಕಾಣುವ ಲಕ್ಷಣಗಳನ್ನು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು. ಆಡುವವರಿಗೇ ಗೊತ್ತಾಗದಂತೆ ಬಾಯಿಗೆ ಬರುವ ಲಕ್ಷಣಗಳೇ ನಂಬಿಕೆಗೆ ಅರ್ಹ. ಹಾಗಾಗಿ ಉತ್ತರ ಬಂದಾಗ ನಾನು ರೀ, ಐತಿಗಳನ್ನು ಎಣಿಸುವುದಿಲ್ಲ. ಮಳೆ ಮಳಿ ಆಗಿದೆಯೇ, ಕಣಕ್ಕೆ ಎನ್ನುವುದು ಕಣಕ್ಕ ಆಗಿದೆಯೇ, ಕಣದಲ್ಲಿ ಎನ್ನುವುದು ಕಣದಾಗ ಆಗಿದೆಯೇ, ಬಂದಿದ್ದಾನೆ ಎನ್ನುವುದು ಬಂದಾನ ಆಗಿದೆಯೇ ಎಂದು ನೋಡುತ್ತೇನೆ. ಯಕ್ಕನ ಬರಹದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಬರವಣಿಗೆಗೆ ಇನ್ನೊಂದು ತೊಡಕು ಮೊಬೈಲಿನ ಕೀಲಿಮಣೆ. ಮನಿ ಎಂದು ಒತ್ತಿದರೆ ಸಲಹೆಯ ಸಾಲಿನಲ್ಲಿ ಮನೆ ಕಾಣಿಸಿಕೊಳ್ಳುತ್ತದೆ, ಬೆರಳು ಅದರ ಮೇಲೆಯೇ ಬೀಳುತ್ತದೆ. ಮ್ಯಾಲ, ಹ್ಯಾಂಗ ಎಂಬಂಥ ಮಾತುಗಳನ್ನು ಹೇಗೆ ಬರೆಯಬೇಕೆಂದು ಶಾಲೆಯಲ್ಲಿ ಯಾರೂ ಕಲಿಸಿಲ್ಲ, ಆದ್ದರಿಂದ ಬರೆಯುವವರು ಅಂಜಿ ಮೇಲೆ, ಹೇಗೆ ಎಂದೇ ಬರೆದುಬಿಡುತ್ತಾರೆ. ಬರೆದ ಉತ್ತರದಿಂದ ಕೆಲಸದ ಕ್ರಮ ತಿಳಿಯುತ್ತದೆ. ಭಾಷೆ ಸಿಗುವುದಿಲ್ಲ.

ಎರಡನೆಯದು ಧ್ವನಿ ಸಂದೇಶ. ಅದೇ ಪ್ರಶ್ನೆಯನ್ನು ನನ್ನ ಕನ್ನಡದಲ್ಲಿಯೇ ಮಾತನಾಡಿ ಕಳುಹಿಸಿ, ಮಾತಿನಲ್ಲಿಯೇ ಉತ್ತರ ಬೇಡಿದೆ. ಈ ಸಲ ಅಕ್ಷರದ ಅಂಜಿಕೆ ಇರಲಿಲ್ಲ. "ಜೋಳ ಕಿತ್ತಿದ ಮ್ಯಾಲ ಕಣದಲ್ಲಿ ಹಾಕ್ತಿದ್ವಿ, ಎತ್ತು ಕಟ್ಟಿ ತುಳಸ್ತಿದ್ವಿ. ಭಾಳ ಕೆಲಸ ಇರ್ತದ ಅದು." ಉಚ್ಚಾರ ಬಹುಪಾಲು ಅವರದ್ದೇ. ಐತಿ ಹೋಗಿ ಇರ್ತದ ಬಂತು. ಕೊಯ್ದು ಎಂಬುದು ಹೋಗಿ ಕಿತ್ತಿದ ಎಂಬುದು ಬಂತು. ಇದು ಸಣ್ಣ ಬದಲಾವಣೆಯಲ್ಲ, ಏಕೆಂದರೆ ಆ ಕಡೆ ಹಿಂಗಾರಿ ಜೋಳವನ್ನು ಕೊಯ್ಯುವುದಕ್ಕಿಂತ ಬುಡಸಮೇತ ಕೈಯಿಂದ ಕೀಳುವುದೇ ವಾಡಿಕೆ. ಬರೆಯುವಾಗ ಪುಸ್ತಕದ ಕ್ರಿಯಾಪದ ಕೆಲಸವನ್ನೇ ಬದಲಾಯಿಸಿಬಿಟ್ಟಿತ್ತು. ಆದರೂ ಕಣದಲ್ಲಿ ಎಂಬುದು ಉಳಿಯಿತು. ಮಾತು ಚುಟುಕು, ಎಚ್ಚರದ್ದು. ಕೇಳುವವನು ತುಮಕೂರಿನವನು ಎಂಬುದನ್ನು ಅವರು ಮರೆತಿರಲಿಲ್ಲ, ನನಗೆ ಅರ್ಥವಾಗಲಿ ಎಂದು ಹದ ಮಾಡಿ ಹೇಳಿದರು. "ನಿಮ್ಮ ತಂಗಿಗೆ ಫೋನಿನಲ್ಲಿ ಹೇಳುವ ಹಾಗೆ ಹೇಳಿ" ಎಂದು ಕೇಳಿದಾಗ ಇನ್ನಷ್ಟು ಸಡಿಲವಾದರು. ಆಡುಭಾಷೆ ಬೇಕು ಎಂದು ಹೆಸರಿಟ್ಟು ಕೇಳುವುದಕ್ಕಿಂತ, ಯಾರೊಡನೆ ಆಡುವ ಮಾತು ಎಂದು ಹೇಳುವುದು ಎಷ್ಟೋ ವಾಸಿ. ದೂರದಲ್ಲಿರುವವರನ್ನು ಕೇಳಬೇಕಾದರೆ ನಾನು ಇದನ್ನೇ ಆರಿಸುತ್ತೇನೆ.

ಮೊಮ್ಮಕ್ಕಳಿಂದ ಕೇಳಿಸುವುದು ಮೂರನೆಯದು. ಕೇಳಲು ಇದಕ್ಕಿಂತ ಸಹಜವಾದ ದಾರಿ ಇಲ್ಲ ಎನ್ನಿಸುತ್ತದೆ. ಆದರೆ ಭಾಷೆಯ ದೃಷ್ಟಿಯಿಂದ ನಾಲ್ಕರಲ್ಲಿ ಇದೇ ದುರ್ಬಲ. ಮಗು ತರಗತಿಯ ಕನ್ನಡದಲ್ಲಿ ಕೇಳಿತು. ಯಕ್ಕ ಅದಕ್ಕೆ ತಿಳಿಯುವಂತೆ ಬಿಡಿಸಿ ಬಿಡಿಸಿ ಹೇಳಿದರು, ಮಗು ಮುಖ ಮುಖ ನೋಡಿದಾಗಲೆಲ್ಲ ಮರಾಠಿಗೆ ತಿರುಗಿದರು. ಹಿರಿಯರು ಕಿರಿಯರ ಕಡೆಗೆ ವಾಲುತ್ತಾರೆ, ಅದು ಮಮತೆ. ಮಕ್ಕಳು ಆಯಿಯ ಮಾತು ಕೇಳಲಿ ಎಂಬ ಆಸೆಗೆ ಈ ದಾರಿ ಒಳ್ಳೆಯದು, ಸಂಗ್ರಹಕ್ಕೆ ಅಲ್ಲ.

ನಾಲ್ಕನೆಯದರಲ್ಲಿ ನಾನು ಕೇಳಲೇ ಇಲ್ಲ. ಅದೇ ತಾಲ್ಲೂಕಿನಿಂದ ಬಂದು ಪಕ್ಕದ ಬೀದಿಯಲ್ಲಿರುವ ಒಬ್ಬ ಹೆಣ್ಣುಮಗಳನ್ನು ಜೊತೆಗೆ ಕರೆದುಕೊಂಡು ಹೋದೆ. ರೆಕಾರ್ಡ್ ಮಾಡುತ್ತೇವೆ ಎಂದು ಮೊದಲೇ ತಿಳಿಸಿ, ಒಪ್ಪಿಗೆ ಪಡೆದು, ಫೋನನ್ನು ಪಕ್ಕದಲ್ಲಿಟ್ಟು ನಾನು ಸರಿದು ಕುಳಿತೆ. ಪ್ರಶ್ನೆಯೂ ಬೇರೆ. ರಾಶಿ ಹೇಗೆ ಮಾಡುತ್ತಿದ್ದಿರಿ ಎಂದರೆ ಪಾಠ ಒಪ್ಪಿಸಿದಂತೆ ಉತ್ತರ ಬರುತ್ತದೆ. ನ್ಯೂಯಾರ್ಕಿನಲ್ಲಿ 1960ರ ದಶಕದಲ್ಲಿ ಜನರ ಸಹಜ ಮಾತನ್ನು ಹಿಡಿಯಲು ಹೊರಟ ಭಾಷಾವಿಜ್ಞಾನಿ ವಿಲಿಯಂ ಲಬೋವ್, ಪ್ರಾಣಕ್ಕೇ ಕುತ್ತು ಬಂದ ಸಂದರ್ಭವನ್ನು ಹೇಳಿ ಎಂದು ಕೇಳುತ್ತಿದ್ದರು. ಘಟನೆಯಲ್ಲಿ ಮುಳುಗಿದವರು ತಮ್ಮ ಭಾಷೆಯನ್ನು ಕಾಯುವುದಿಲ್ಲ ಎಂಬುದು ಅದರ ಹಿಂದಿನ ತಿಳಿವಳಿಕೆ. ರೈತರ ಮನೆಯವರಿಗೆ ಕಣದಲ್ಲಿ ರಾಶಿ ಇರುವಾಗ ಬಂದ ಮಳೆ ಅಂಥದ್ದೇ ಕುತ್ತು. ಆ ಹೆಣ್ಣುಮಗಳು ಕೇಳಿದ್ದು ಇಷ್ಟೇ: "ಯಕ್ಕಾ, ರಾಶಿ ಮ್ಯಾಲ ಮಳಿ ಬಂದಿತ್ತಲಾ, ಅವಾಗ ಏನ ಮಾಡಿದ್ರಿ?"

ಯಕ್ಕನ ದನಿಯೇ ಬದಲಾಯಿತು. "ಅಯ್ಯ, ಏನ ಕೇಳತೀ! ಕಣದಾಗ ತೆನಿ ಹರವಿದ್ವಿ, ಹಂತಿ ಕಟ್ಟಿದ್ವಿ. ಮಾಡ ಆತು. ತಾಡಪತ್ರಿ ಎಲ್ಲಿದು ಆಗ? ಕಣಕಿ ತಂದು ಮ್ಯಾಲ ಹೊಚ್ಚಿದ್ವಿ. ನಮ್ಮಪ್ಪ ಎತ್ತ ಬಿಟ್ಟು ಓಡಿ ಬಂದಾನ, ನಮ್ಮವ್ವ ಅಳಕೋತ ನಿಂತಾಳ."

ಮಾಡ ಎಂದರೆ ಮೋಡ, ಕಣಕಿ ಎಂದರೆ ಜೋಳದ ದಂಟಿನ ಮೇವು. ಕಣದಾಗ, ತೆನಿ, ಬಂದಾನ, ನಿಂತಾಳ, ನಾನು ಕಾಯುತ್ತಿದ್ದಂಥ ರೂಪಗಳು ಕೇಳದೆಯೇ ಬಂದವು. ಹಿಂದೆ ನಡೆದುಹೋದದ್ದನ್ನು ಈಗ ಕಣ್ಣೆದುರಿಗೆ ಇರುವಂತೆ ಬಂದಾನ, ನಿಂತಾಳ ಎಂದು ಹೇಳುವ ಕ್ರಮ ಬರಹದಲ್ಲಿ ಬರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಅಲ್ಲಿ ಘಟನೆಯೇ ಇರಲಿಲ್ಲ. ಪದಗಳೂ ಹಾಗೆಯೇ. ಬರಹದಲ್ಲಿ ಎತ್ತುಗಳಿಂದ ತುಳಿಸಿ ಎಂದಿದ್ದವರು ಇಲ್ಲಿ ಹಂತಿ ಕಟ್ಟಿದ್ವಿ ಎಂದರು. ಕಣದ ನಡುವೆ ನೆಟ್ಟ ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವುದು ಹಂತಿ. ರಾತ್ರಿ ಹಂತಿ ಹೊಡೆಯುವಾಗ ಹಾಡುವ ಹಂತಿ ಪದಗಳು ಜನಪದದಲ್ಲಿ ಹೆಸರಾದವು. ಈ ಮಾತು ಹೊರಬಂದ ಮೇಲೆ ಯಕ್ಕ ಎರಡು ಪದ ಹಾಡಿಯೂ ಬಿಟ್ಟರು. ವಾಟ್ಸಾಪಿನ ಉತ್ತರವನ್ನೇ ನಂಬಿಕೊಂಡಿದ್ದರೆ ಅವು ನಮ್ಮ ಮಕ್ಕಳ ಪಾಲಿಗೆ ಇರುತ್ತಲೇ ಇರಲಿಲ್ಲ.

ಈ ದಾರಿಗೂ ಮಿತಿ ಇದೆ. ಅದೇ ತಾಲ್ಲೂಕಿನ, ಸುಮಾರಾಗಿ ಅದೇ ಸಮುದಾಯದ, ಸಲುಗೆಯ ಜನ ಬೇಕು. ವಿಜಯಪುರದವರನ್ನು ಕೂರಿಸಿದರೆ ಯಕ್ಕನ ಮಾತು ಅತ್ತ ವಾಲಬಹುದು. ಮಾತು ಎಲ್ಲಿಗೋ ಹೋಗುತ್ತದೆ, ಬೇಕಾದ ಒಂದು ಪದ ಬರದೆಯೇ ಉಳಿಯುತ್ತದೆ. ಹಾಗೆ ಬಿಟ್ಟುಹೋದ ಪದಗಳಿಗೆ ಕೊನೆಯಲ್ಲಿ ಚಿತ್ರ ತೋರಿಸಿ "ಇದಕ್ಕ ಏನ ಅಂತೀರಿ?" ಎಂದು ಕೇಳಿಸಿದೆವು. ಕೂರಿಗಿ, ಕುಂಟಿ, ಬಣವಿ ಸಿಕ್ಕಿದ್ದು ಹೀಗೆ. ಚಿತ್ರದಿಂದ ಹೆಸರುಗಳು ಮಾತ್ರ ಬರುತ್ತವೆ, ಕ್ರಿಯಾಪದದ ರೂಪಗಳಿಗೆ ಕಥೆಯೇ ಬೇಕು.

ಪುಣೆಯಲ್ಲಿ ಸಂಗ್ರಹಿಸುವವರು ಮರಾಠಿಯ ವಿಷಯದಲ್ಲಿ ಒಂದು ಪರೀಕ್ಷೆ ಮಾಡಲೇಬೇಕು. ಇನ್ನೊಂದು ಮನೆಯ ಹಿರಿಯರು ಜೋಳದ ದಂಟಿನ ಮೇವಿಗೆ ಕಡಬಾ ಎಂದರು. ಅದು ಮರಾಠಿ ಪದ, ಇಲ್ಲಿನ ಗೌಳಿಗರ ಬಾಯಲ್ಲಿ ದಿನವೂ ಇರುವುದು. ಹಾಗೆಂದು ಮರಾಠಿ ಎನ್ನಿಸಿದ್ದನ್ನೆಲ್ಲ ಹೊಡೆದುಹಾಕಿದರೆ ತಪ್ಪಾಗುತ್ತದೆ. ಪಗಾರ, ಗಿರಣಿ, ಸೂಟಿ, ಖೋಲಿ ಇವೆಲ್ಲ ಉತ್ತರ ಕರ್ನಾಟಕದ ಮಾತಿನಲ್ಲಿ ತಲೆತಲಾಂತರದಿಂದ ಇರುವಂಥವು, ಅವನ್ನು ತೆಗೆದರೆ ಊರಿನ ಕನ್ನಡವನ್ನೇ ತೆಗೆದಂತೆ. ತೀರ್ಮಾನಕ್ಕೆ ದಾರಿ ಒಂದೇ, ಊರು ಬಿಟ್ಟು ಬಾರದ ಅದೇ ವಯಸ್ಸಿನವರನ್ನು ಕೇಳುವುದು. ಆ ಹಿರಿಯರ ಅಣ್ಣನಿಗೆ ಫೋನ್ ಮಾಡಿಸಿದಾಗ ಅವರು ಕಣಕಿ ಎಂದರು. ಹೀಗಾಗಿ ಕಡಬಾವನ್ನು ಪುಣೆಯ ಕನ್ನಡ ಎಂದು ಗುರುತು ಹಾಕಿ ಬೇರೆಯಾಗಿ ಇಟ್ಟೆವು.

ಬಂದ ಮಾತನ್ನು ಬರೆದುಕೊಳ್ಳುವುದು ಎಲ್ಲಕ್ಕಿಂತ ಹೆಚ್ಚು ಸಮಯ ತಿನ್ನುವ ಕೆಲಸ. ಫೋನಿಗೆ ಕೇಳಿಸಿ ಅಕ್ಷರ ಮಾಡಿಸಲು ನೋಡಿದರೆ ಕಣದಾಗ ಎಂಬುದು ಕಣದಲ್ಲಿ ಆಗಿ, ಬಂದಾನ ಎಂಬುದು ಬಂದ ಆಗಿ ಹೊರಬಂತು. ಆದ್ದರಿಂದ ಕೈಯಿಂದಲೇ ಬರೆಯುತ್ತೇವೆ. ಮ್ಯಾಲ, ಹ್ಯಾಂಗ, ಬ್ಯಾರೆಗಳಿಗೆ ಯ ಒತ್ತು ಮತ್ತು ದೀರ್ಘ ಎಂದು ಒಂದೇ ನಿಯಮ ಇಟ್ಟುಕೊಂಡಿದ್ದೇವೆ. ಈ ಕೆಲಸದಲ್ಲಿ ನಮ್ಮ ನಗರಕ್ಕೆ ಹಳೆಯ ನಂಟು ಇದೆ. ಇಲ್ಲಿನ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ಹಾಲಕ್ಕಿ, ನಂಜನಗೂಡು, ಗುಲ್ಬರ್ಗಾ ಕನ್ನಡಗಳ ಅಧ್ಯಯನಗಳನ್ನು ಪ್ರಕಟಿಸಿತ್ತು. ಆ ತಜ್ಞರಿಗೆ ಧ್ವನಿಲಿಪಿ ಇತ್ತು. ನಮ್ಮ ಮಕ್ಕಳು ಓದಬೇಕಾದದ್ದು ಕನ್ನಡ ಲಿಪಿಯಲ್ಲಿ, ಆದ್ದರಿಂದ ಪ್ರತಿ ಪುಟದ ಜೊತೆಗೆ ಧ್ವನಿಯನ್ನೂ ಕೊಡುತ್ತಿದ್ದೇವೆ. ಮುಂದಿನ ವಿಷಯ ಸಿತನಿ, ಅಂದರೆ ಸುಟ್ಟು ತಿನ್ನುವ ಹಸಿ ಜೋಳ. ಕೇಳುವವರು ಅದೇ ಹೆಣ್ಣುಮಗಳು, ಕೇಳುವುದು ಜನವರಿಯಲ್ಲಿ, ಊರಿನಿಂದ ಹಸಿ ತೆನೆಗಳು ಬಂದಾಗ.